‘ಮಾರಾಯ’ನಿಗೆ ಕತ್ತರಿ ಹಾಕಬೇಡಿ

ಸಬ್‌ಟೈಟಲ್‌ನಲ್ಲಿ ಜಾಗ ಸಾಲದೇ ಹೋದಾಗ ಮೊದಲ ಕತ್ತರಿ ಬೀಳುವುದು ಯಾರಿಗೆ ಗೊತ್ತಾ? ‘ಮಾರಾಯ’ನಿಗೆ. ಆಮೇಲೆ ‘ಕಣೋ’, ‘ಅಲ್ವಾ’, ‘ಬಿಡು’, ‘ಅಯ್ಯೋ’ ಎಲ್ಲ ಸಾಲಾಗಿ ಹೋಗುತ್ತವೆ. ಇವುಗಳಲ್ಲಿ ‘ವಿಷಯ’ ಏನೂ ಇಲ್ಲ, ಬರೀ ಜಾಗ ತಿನ್ನುತ್ತವೆ ಎಂಬುದು ಕತ್ತರಿ ಹಿಡಿದವರ ವಾದ. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ಕತ್ತರಿಸಲೇಬೇಕಾದರೆ ವಿಷಯವನ್ನೇ ಕತ್ತರಿಸಿ, ಮಾರಾಯನನ್ನು ಬಿಟ್ಟುಬಿಡಿ.

ಹೀಗೆ ಹೇಳುವುದಕ್ಕೆ ಒಂದು ಆರು ನಿಮಿಷದ ತುಳು ಕಿರುಚಿತ್ರ ಕಾರಣ. ನನ್ನೂರು ಹಾಸನ. ಓದುತ್ತಿರುವುದು ಮಂಗಳೂರಿನಲ್ಲಿ, ಬಿಇ ಐದನೇ ಸೆಮಿಸ್ಟರ್. ಗೆಳೆಯರು ಸೇರಿ ತೆಗೆದ ಚಿತ್ರವನ್ನು ಹುಬ್ಬಳ್ಳಿಯ ಕಾಲೇಜೊಂದರ ಫೆಸ್ಟಿಗೆ ಕಳುಹಿಸಬೇಕಿತ್ತು, ಅದಕ್ಕೆ ಕನ್ನಡ ಸಬ್‌ಟೈಟಲ್ ಬೇಕಿತ್ತು. ತಂಡದಲ್ಲಿ ಮನೆಮಾತು ತುಳು ಅಲ್ಲದ ಪ್ರಾಣಿ ನಾನೊಬ್ಬನೇ. ‘ನಿನಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲೇ ಹುಬ್ಬಳ್ಳಿಯವರಿಗೂ ಆಗುವುದಿಲ್ಲ’ ಎಂದು ಕೆಲಸ ನನ್ನ ತಲೆಗೆ ಕಟ್ಟಿದರು. ಚಿತ್ರದಲ್ಲಿ ತಾಯಿಯ ಪಾತ್ರ ಮಾಡಿದ್ದು ನನ್ನ ರೂಮ್‌ಮೇಟ್‌ನ ಅಮ್ಮ. ಕ್ಯಾಮೆರಾ ಮುಂದೆ ಅವರದು ಅದೇ ಮೊದಲು. ಆದರೆ ಅವರು ಮಾತಾಡುವ ರೀತಿಗೇ ಇಡೀ ಚಿತ್ರ ನಿಂತಿದೆ. ನಾನು ಬರೆಯುವ ಎರಡು ಸಾಲಿನಲ್ಲಿ ಆ ಅಮ್ಮ ಗೋಳಾಡುವ ಅಮ್ಮನೂ ಆಗಬಹುದು, ವಾರ್ತೆ ಓದುವ ಅಮ್ಮನೂ ಆಗಬಹುದು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆಗಳು ಇಂಗ್ಲಿಷ್ ಸಬ್‌ಟೈಟಲ್‌ಗೆ ಇಟ್ಟುಕೊಂಡ ಅಳತೆ ಇದು: ಒಮ್ಮೆಗೆ ಎರಡೇ ಸಾಲು, ಸಾಲಿಗೆ ಹೆಚ್ಚೆಂದರೆ 42 ಕ್ಯಾರೆಕ್ಟರ್. ಒಂದು ಸಬ್‌ಟೈಟಲ್ ಪರದೆಯ ಮೇಲೆ ಏಳು ಸೆಕೆಂಡಿಗಿಂತ ಹೆಚ್ಚು ಇರಬಾರದು, ಸೆಕೆಂಡಿನ ಆರನೇ ಐದು ಭಾಗಕ್ಕಿಂತ ಕಡಿಮೆಯೂ ಇರಬಾರದು. ಇದರ ಜೊತೆಗೆ ಓದುವ ವೇಗದ ಮಿತಿ ಒಂದಿರುತ್ತದೆ. ಸೆಕೆಂಡಿಗೆ 16 ಕ್ಯಾರೆಕ್ಟರ್ ಮೀರಬಾರದು ಎಂದು ನಮ್ಮ ತಂಡ ತೀರ್ಮಾನಿಸಿತು. ಇಷ್ಟೇ ನಿಯಮ. ಕಷ್ಟ ಶುರುವಾಗುವುದು ಇದರ ನಂತರ.

ಚಿತ್ರದ ನಡುವೆ ಮಗ ಬೆಂಗಳೂರಿನಿಂದ ಫೋನ್ ಮಾಡುತ್ತಾನೆ. ಇವತ್ತು ಬರಲು ಆಗುವುದಿಲ್ಲ ಎನ್ನುತ್ತಾನೆ. ತಾಯಿ ಒಂದೇ ಉಸಿರಿಗೆ ಒಂದು ಮಾತು ಹೇಳುತ್ತಾರೆ. ಆ ಮಾತಿಗೆ ಸಿಕ್ಕಿದ ಸಮಯ ಹೀಗಿದೆ:

```
00:01:12,400 --> 00:01:17,000
```

ಅಂದರೆ 4.6 ಸೆಕೆಂಡ್. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಅಲ್ಲ ಮಾರಾಯ, ನಿನ್ನ ಅಪ್ಪ ಬೆಳಿಗ್ಗೆಯಿಂದ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ನೀನು ಇವತ್ತು ಬರುವುದಿಲ್ಲ ಅಂತ ನಾನು ಹೇಗೆ ಹೇಳಲಿ?’ ಖಾಲಿ ಜಾಗವೂ ಸೇರಿ 121 ಕ್ಯಾರೆಕ್ಟರ್. ಎರಡು ಸಾಲಿಗೆ ಸಿಗುವುದು 84. ವೇಗ ಸೆಕೆಂಡಿಗೆ 26 ದಾಟುತ್ತದೆ. ಓದುವವರ ಕಣ್ಣು ಮೊದಲ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಬ್‌ಟೈಟಲ್ ಮಾಯ.

ತಂಡದ ಒಬ್ಬ ಗೆಳೆಯ ಹತ್ತೇ ನಿಮಿಷದಲ್ಲಿ ಇದನ್ನು ಇಳಿಸಿಕೊಟ್ಟ: ‘ತಂದೆ ಬೆಳಿಗ್ಗೆಯಿಂದ ಗೇಟಿನ ಬಳಿ ಕುಳಿತಿದ್ದಾರೆ. ನೀನು ಬರುವುದಿಲ್ಲವೆಂದು ಹೇಗೆ ಹೇಳಲಿ?’ ಎಲ್ಲ ಸೇರಿ 73. ಮಿತಿಯೊಳಗೇ ಇದೆ, ವಿಷಯವೂ ಹೆಚ್ಚುಕಡಿಮೆ ಪೂರ್ತಿ ಇದೆ. ಆದರೆ ಇದನ್ನು ಜೋರಾಗಿ ಓದಿ ನೋಡಿ. ಅಡುಗೆಮನೆಯಲ್ಲಿ ನಿಂತು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡ ಯಾವ ತಾಯಿ ಮಗನಿಗೆ ‘ತಂದೆ ಕುಳಿತಿದ್ದಾರೆ’ ಎಂದು ಹೇಳುತ್ತಾಳೆ? ಇದು ಪಂಚಾಯಿತಿ ನೋಟಿಸ್.

ನಾನು ಮಾಡಿದ್ದು ಬೇರೆ. ಧ್ವನಿ ಬಂದ್ ಮಾಡಿ ಆ ದೃಶ್ಯವನ್ನು ನಾಲ್ಕು ಸಲ ನೋಡಿದೆ. ತಾಯಿ ಮಾತಾಡುವಾಗ ಅವರ ಹಿಂದಿನ ಕಿಟಕಿಯಲ್ಲಿ ಗೇಟು ಕಾಣುತ್ತದೆ, ಕುರ್ಚಿ ಕಾಣುತ್ತದೆ, ಕುರ್ಚಿಯಲ್ಲಿ ಅಪ್ಪನ ಬೆನ್ನು ಕಾಣುತ್ತದೆ. ಹಾಗಾದರೆ ಗೇಟು, ಕುರ್ಚಿ ಎರಡನ್ನೂ ನಾನು ಬರೆಯಬೇಕಿಲ್ಲ, ಕ್ಯಾಮೆರಾ ಬರೆದಾಗಿದೆ. ‘ನೀನು ಇವತ್ತು ಬರುವುದಿಲ್ಲ’ ಎಂಬುದೂ ಬೇಡ. ಮಗ ಅದನ್ನು ಹಿಂದಿನ ಸಬ್‌ಟೈಟಲ್‌ನಲ್ಲೇ ಹೇಳಿದ್ದಾನೆ. ಉಳಿದದ್ದು ಚಿತ್ರದಲ್ಲೂ ಇಲ್ಲದ, ಹಿಂದಿನ ಮಾತಿನಲ್ಲೂ ಇಲ್ಲದ ಮೂರು ಸಂಗತಿ: ಎಷ್ಟು ಹೊತ್ತಿನಿಂದ ಕೂತಿದ್ದಾರೆ, ಉತ್ತರ ಕೊಡಬೇಕಾದವಳು ನಾನು, ಮತ್ತೆ ಆ ಮಾರಾಯ. ಹೀಗಾಯಿತು:

ಬೆಳಿಗ್ಗೆಯಿಂದ ಕೂತಿದ್ದಾರೆ ಮಾರಾಯ,
ನಿನ್ನ ಅಪ್ಪನಿಗೆ ನಾನು ಏನು ಹೇಳಲಿ?

ಸಾಲಿಗೆ 30ರಂತೆ ಒಟ್ಟು 60, ಸೆಕೆಂಡಿಗೆ 13. ಗೆಳೆಯನದಕ್ಕಿಂತ ಚಿಕ್ಕದು, ಆದರೂ ಮಾರಾಯನಿಗೆ ಜಾಗ ಸಿಕ್ಕಿತು. ಆ ಒಂದು ಪದ ತೆಗೆದರೆ ತಾಯಿ ಮಗನನ್ನು ತರಾಟೆಗೆ ತೆಗೆದುಕೊಂಡಂತೆ ಕೇಳುತ್ತದೆ. ಇದ್ದರೆ ಸಿಟ್ಟಿನ ಒಳಗೆ ಸಲಿಗೆ ಇದೆ. ಬೈಗುಳವಾಗಿಯೂ ಅಕ್ಕರೆಯಾಗಿಯೂ ಒಟ್ಟಿಗೇ ಕೆಲಸ ಮಾಡುವ ಪದ ಅದು, ಬರೀ ಮೂರಕ್ಷರ.

ಸಾಲು ಎಲ್ಲಿ ಮುರಿಯಬೇಕು ಎಂಬುದೂ ಇದರೊಳಗೇ ಇದೆ. ಮಾರಾಯ ಎರಡನೇ ಸಾಲಿಗೆ ಜಾರಿದರೆ ‘ಮಾರಾಯ, ನಿನ್ನ ಅಪ್ಪನಿಗೆ’ ಎಂದು ಹೊಸ ಜಗಳ ಶುರುವಾದಂತೆ ಕಾಣುತ್ತದೆ. ತಾಯಿ ಉಸಿರು ಎಳೆದುಕೊಂಡ ಜಾಗದಲ್ಲೇ ಸಾಲು ಮುರಿದರೆ ಕಣ್ಣೂ ಕಿವಿಯೂ ಒಟ್ಟಿಗೆ ಹೋಗುತ್ತವೆ. ಇದರಲ್ಲಿ ತುಳು–ಕನ್ನಡ ಜೋಡಿಗೆ ಒಂದು ಪುಣ್ಯ ಇದೆ. ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ, ಆಡುವವರು ಗುಟ್ಟು ಬಿಡುವ ಮೊದಲೇ ಸಬ್‌ಟೈಟಲ್ ಬಿಟ್ಟುಕೊಡುವ ಅಪಾಯ ಕಡಿಮೆ.

ಆದರೆ ಅಕ್ಕಪಕ್ಕದ ಭಾಷೆಗಳ ತಂಟೆಯೂ ಕಡಿಮೆ ಇಲ್ಲ. ತುಳುವಿನಲ್ಲಿ ‘ಅಪ್ಪೆ’ ಎಂದರೆ ಅಮ್ಮ, ‘ಅಮ್ಮೆ’ ಎಂದರೆ ಅಪ್ಪ! ಮೊದಲ ವರ್ಷ ಹಾಸ್ಟೆಲ್‌ನಲ್ಲಿ ಇದನ್ನು ಕೇಳಿದಾಗ ನನ್ನನ್ನು ಆಟ ಆಡಿಸುತ್ತಿದ್ದಾರೆ ಅಂದುಕೊಂಡಿದ್ದೆ. ಈಗ ಹುಬ್ಬಳ್ಳಿಯ ಪ್ರೇಕ್ಷಕರ ಸ್ಥಿತಿ ಊಹಿಸಿ. ತಾಯಿಯ ಬಾಯಲ್ಲಿ ‘ಅಮ್ಮೆರ್’ ಎಂದು ಕೇಳುತ್ತಿದೆ, ಕೆಳಗೆ ‘ಅಪ್ಪ’ ಎಂದಿದೆ. ಸಬ್‌ಟೈಟಲ್ ಮಾಡಿದವನಿಗೆ ತಲೆ ಕೆಟ್ಟಿದೆ ಎನ್ನದೇ ಇರುತ್ತಾರೆಯೇ? ಮಗ ‘ಎಲ್ಲೆ ತೂಕ’ ಎಂದಾಗಲೂ ಇದೇ ಕಥೆ. ಅದರ ಅರ್ಥ ‘ನಾಳೆ ನೋಡುವ’. ಕನ್ನಡದ ಕಿವಿಗೆ ಅಲ್ಲಿ ಗಡಿಯೂ ತಕ್ಕಡಿಯೂ ಕೇಳಿಸುತ್ತವೆ.

ಅದಕ್ಕೆ ಒಂದು ಉಪಾಯ ಮಾಡಿದೆವು. ಯಾರನ್ನಾದರೂ ಬರೀ ಹೆಸರು ಹಿಡಿದು ಕರೆದರೆ, ಅದು ಕೇಳಿದರೇ ತಿಳಿಯುತ್ತದೆ ಎಂದು ಸಬ್‌ಟೈಟಲ್ ಹಾಕದೆ ಬಿಡುವುದು ರೂಢಿ. ನಮ್ಮ ಚಿತ್ರದ ಮೊದಲ ನಿಮಿಷದಲ್ಲಿ ಮಗ ಹಳೆಯ ನೆನಪಿನ ದೃಶ್ಯವೊಂದರಲ್ಲಿ ತಾಯಿಯ ಮುಖ ನೋಡುತ್ತಾ ‘ಅಪ್ಪೆ’ ಎಂದು ಕೂಗುತ್ತಾನೆ. ರೂಢಿ ಬದಿಗಿಟ್ಟು ಅಲ್ಲಿ ‘ಅಮ್ಮಾ’ ಎಂಬ ಒಂದೇ ಪದವನ್ನು ಒಂದೂವರೆ ಸೆಕೆಂಡ್ ನಿಲ್ಲಿಸಿದೆವು. ಮುಖ, ಧ್ವನಿ, ಅಕ್ಷರ ಮೂರೂ ಒಟ್ಟಿಗೆ ಸಿಕ್ಕ ಪ್ರೇಕ್ಷಕರಿಗೆ ಮುಂದೆ ‘ಅಮ್ಮೆರ್’ ಬಂದಾಗ ಗೊಂದಲ ಕಡಿಮೆ. ಟಿಪ್ಪಣಿ ಹಾಕಿ ವಿವರಿಸಲು ಹೊರಟಿದ್ದರೆ ಅದನ್ನು ಓದುವುದರಲ್ಲೇ ದೃಶ್ಯ ಮುಗಿದಿರುತ್ತಿತ್ತು.

ಇನ್ನು ಕ್ಯಾರೆಕ್ಟರ್ ಎಣಿಸುವ ವಿಚಾರಕ್ಕೆ ಎಂಜಿನಿಯರಿಂಗ್ ಹುಡುಗನಾಗಿ ನನ್ನದೊಂದು ತಕರಾರಿದೆ. ಪೈಥಾನ್‌ನಲ್ಲಿ ಇದನ್ನು ಕೊಟ್ಟು ನೋಡಿ:

```
>>> len("ಬೆಳಿಗ್ಗೆಯಿಂದ")
12
```

ನಾವು ಓದುವುದು ಬೆ, ಳಿ, ಗ್ಗೆ, ಯಿಂ, ದ ಎಂದು ಐದೇ ಅಕ್ಷರ. ಕಂಪ್ಯೂಟರ್ ಮಾತ್ರ ಕಾಗುಣಿತದ ಗುರುತು, ಒತ್ತು, ಸೊನ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. 42 ಎಂಬುದು ಇಂಗ್ಲಿಷ್ ಅಕ್ಷರಗಳಿಗೆ ಹೊಲಿದ ಅಂಗಿ. ಅದನ್ನು ಹಾಗೇ ಕನ್ನಡಕ್ಕೆ ತೊಡಿಸಿದರೆ ಒತ್ತಕ್ಷರ ಹೆಚ್ಚಿರುವ ಸಾಲು ಸುಮ್ಮನೆ ಕೆಂಪಾಗುತ್ತದೆ. ಪರದೆಯ ಮೇಲೆ ನೋಡಿದರೆ ಅದು ಅಗಲವಾಗಿ ಇರುವುದೇ ಇಲ್ಲ. ಒತ್ತಕ್ಷರ ಬೆಳೆಯುವುದು ಪಕ್ಕಕ್ಕಿಂತ ಹೆಚ್ಚು ಕೆಳಕ್ಕೆ. ನಮಗೆ ನಿಜವಾಗಿ ತೊಂದರೆ ಕೊಟ್ಟದ್ದೂ ಅದೇ: ಮೊಬೈಲಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಅದರ ಬಗ್ಗೆ ಯಾವ ಸಾಫ್ಟ್‌ವೇರೂ ಎಚ್ಚರಿಸಲಿಲ್ಲ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ ಸರಿಮಾಡಿದೆವು. ಹಾಗಾಗಿ ಮಿತಿಯನ್ನು ಒಂದು ಎಚ್ಚರಿಕೆಯಾಗಿ ಇಟ್ಟುಕೊಂಡು, ಕೊನೆಯ ತೀರ್ಪನ್ನು ಕಣ್ಣಿಗೆ ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಣ್ಣಿನ ತೀರ್ಪು ಪಡೆಯಲು ಸುಲಭ ದಾರಿ ಇದೆ. ತುಳು ಗೊತ್ತಿಲ್ಲದ ಜೂನಿಯರ್ ಒಬ್ಬಳಿಗೆ ಎರಡೂ ಆವೃತ್ತಿ ಇರುವ ದೃಶ್ಯ ತೋರಿಸುವ ಬದಲು ಒಂದನ್ನೇ ತೋರಿಸಿ, ‘ಸಬ್‌ಟೈಟಲ್ ಅರ್ಥವಾಯಿತಾ’ ಎಂದು ಕೇಳದೆ, ‘ಕಿಟಕಿಯಲ್ಲಿ ಏನಿತ್ತು’ ಎಂದು ಕೇಳಿದೆ. ‘ಅವರಪ್ಪ ಆಚೆ ಕೂತಿದ್ರಲ್ಲ’ ಎಂದಳು. ಅಷ್ಟು ಸಾಕು. ಕಿಟಕಿ ಕಂಡಿಲ್ಲ ಎಂದಿದ್ದರೆ ಇಡೀ ಹೊತ್ತು ಅವಳು ಓದುತ್ತಿದ್ದಳು ಎಂದರ್ಥ, ಇನ್ನೂ ಕಡಿಮೆ ಮಾಡಬೇಕಿತ್ತು ಎಂದರ್ಥ.

ಹೆಚ್ಚು ಜಗಳ ನಡೆದದ್ದು ಮಾತ್ರ ಜಾಗದ ಕೊರತೆಯೇ ಇಲ್ಲದ ಒಂದು ಪದಕ್ಕೆ. ಮಗ ‘ಎಲ್ಲೆ ತೂಕ’ ಎಂದ ಮೇಲೆ ತಾಯಿ ಎರಡು ಕ್ಷಣ ಸುಮ್ಮನಿದ್ದು ‘ಆವು’ ಎನ್ನುತ್ತಾರೆ, ಫೋನ್ ಇಡುತ್ತಾರೆ. ಮಾತಿಗೆ ಅರ್ಧ ಸೆಕೆಂಡ್, ಅದರ ಹಿಂದೆ ಉದ್ದ ಮೌನ. ಇಷ್ಟೊಂದು ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಬ್ಬ ‘ಆಯ್ತು ಬಿಡು’ ಎಂದ, ಇನ್ನೊಬ್ಬಳು ‘ಸರಿ, ನಿನ್ನಿಷ್ಟ’ ಎಂದಳು. ಎರಡೂ ಚೆನ್ನಾಗಿವೆ, ಎರಡರಲ್ಲೂ ಮುನಿಸು ಎದ್ದು ಕಾಣುತ್ತದೆ. ಆದರೆ ಆ ಅಮ್ಮ ಮುನಿಸನ್ನು ಧ್ವನಿಯಲ್ಲಿ ಕಾಣಿಸದೆ ನುಂಗಿದ್ದಾರೆ. ಅವರು ಮುಚ್ಚಿಟ್ಟದ್ದನ್ನು ನಾವು ಕೆಳಗೆ ಅಚ್ಚು ಹಾಕುವುದು ಯಾವ ನ್ಯಾಯ? ‘ಆಯ್ತು.’ ಎಂದಷ್ಟೇ ಬರೆದು, ಕೊನೆಗೊಂದು ಚುಕ್ಕಿ ಇಟ್ಟು, ಕ್ಯಾಮೆರಾ ಅಪ್ಪನ ಕಡೆಗೆ ಹೊರಳುವ ಮೊದಲೇ ತೆಗೆದೆವು. ರೂಮ್‌ಮೇಟ್‌ನ ಅಮ್ಮ ಇದನ್ನು ಫೋನಿನಲ್ಲಿ ನೋಡಿ, ‘ನಾನು ಕನ್ನಡದಲ್ಲಿ ಹೇಳಿದ್ರೂ ಅಷ್ಟೇ ಹೇಳ್ತಿದ್ದೆ’ ಅಂದರು.

ಈಗ ಇದೇ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬೇಕಂತೆ. ‘ಕೂತಿದ್ದಾರೆ’ ಎಂಬ ಕ್ರಿಯಾಪದದಲ್ಲೇ ಗಂಡನ ಮೇಲಿನ ಗೌರವ ಇತ್ತು, ‘ನಿನ್ನ’ ಎಂಬುದರಲ್ಲೇ ಮಗನ ಮೇಲಿನ ಸಲಿಗೆ ಇತ್ತು. ಇಂಗ್ಲಿಷ್‌ನಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂರುತ್ತಾರೆ. ಮಾರಾಯನಿಗಂತೂ ಅಲ್ಲಿ ಪದವೇ ಇಲ್ಲ. ಮೂರು ದಿನದಿಂದ ಆ 4.6 ಸೆಕೆಂಡನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ.