ಪರದೆಯ ಮೇಲಿನ ಮೂರು ಸೂಚನೆಗಳು

ಪುಣೆಯ ವಾಚಕರೊಬ್ಬರು ತಮ್ಮ ಕಂಪ್ಯೂಟರಿನ ಡ್ರಾಪ್‌ಬಾಕ್ಸ್ ಪರದೆಯ ಚಿತ್ರ ಕಳಿಸಿ, ತಂಗಿಯ ಮದುವೆಗೆ ಕರೆಯಬೇಕಾದವರ ಪಟ್ಟಿ ಹಾಳಾಯಿತೇ ಎಂದು ನಮ್ಮನ್ನು ಕೇಳಿದ್ದಾರೆ. ಪಟ್ಟಿಯನ್ನು ಅವರೂ ಚೆನ್ನೈಯಲ್ಲಿರುವ ತಮ್ಮನೂ ಕೂಡಿ ಬರೆಯುತ್ತಿದ್ದಾರಂತೆ. ಹಾಳಾಗಿಲ್ಲ, ಎರಡಾಗಿದೆ.

ಚಿತ್ರದಲ್ಲಿ `maduve (Pune-PC's conflicted copy 2025-01-14).xlsx` ಎಂಬ ಕಡತ ನಮಗೆ ಕಾಣುತ್ತದೆ. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ತಲಪುವ ಮೊದಲೇ ಅವರೂ ತಿದ್ದಿದ್ದಾರೆ. ಚೆನ್ನೈಯದು ಮೊದಲು ಸೇರಿ `maduve.xlsx` ಎಂಬ ಹೆಸರನ್ನು ಉಳಿಸಿಕೊಂಡಿತು. ತಡವಾಗಿ ಬಂದ ಪುಣೆಯದಕ್ಕೆ ಈ ಉದ್ದನೆಯ ಹೆಸರು. ಬರಿಯ ನಕಲೆಂದು ಅಳಿಸಿದರೆ ಅಣ್ಣ ಸೇರಿಸಿದ ನೆಂಟರಿಗೆ ಕರೆಯೋಲೆಯೇ ಹೋಗದು!

`Syncing paused` ಎಂದರೆ ಯಾರೋ ಗುಂಡಿಯೊತ್ತಿ ನಿಲ್ಲಿಸಿದ್ದಾರೆ. ಜಾಗ ತುಂಬಿ ನಿಂತದ್ದಲ್ಲ. 2 ಜಿಬಿಯಲ್ಲಿ 1.9 ತುಂಬಿದೆ ಎಂಬುದು ಸದ್ಯಕ್ಕೆ ಎಚ್ಚರಿಕೆ ಮಾತ್ರ. ಆದರೆ ನಿಂತಿರುವಷ್ಟು ಕಾಲ ಚೆನ್ನೈಯ ಹೊಸ ಹೆಸರುಗಳು ಇಲ್ಲಿಗೆ ಬಾರವು.

ಆದ್ದರಿಂದ ಎರಡು ಪಟ್ಟಿಗಳನ್ನೂ ಮೊದಲು ಡ್ರಾಪ್‌ಬಾಕ್ಸ್‌ನ ಹೊರಗೆ ನಕಲಿಸಿಟ್ಟು, ನಿಲ್ಲಿಸಿದ್ದನ್ನು ಮತ್ತೆ ನಡೆಸಿ, `Up to date` ಎಂದು ಬರುವವರೆಗೆ ಕಾಯಿರಿ. ತಮ್ಮನಿಗೆ ಸ್ವಲ್ಪ ಹೊತ್ತು ಕೈ ಹಚ್ಚಬೇಡವೆಂದು ಹೇಳಿ, ಎರಡನ್ನೂ ಪಕ್ಕಪಕ್ಕ ತೆರೆದು, ಉದ್ದ ಹೆಸರಿನದರಲ್ಲಿ ಮಾತ್ರ ಇರುವ ನೆಂಟರನ್ನು ಇನ್ನೊಂದಕ್ಕೆ ಸೇರಿಸಿರಿ. ಅನಂತರ ಅದನ್ನು ಧಾರಾಳವಾಗಿ ಅಳಿಸಬಹುದು.

ಜಾಗ ತಿನ್ನುವುದು ಪಟ್ಟಿಯಲ್ಲ, ವೀಡಿಯೋಗಳು. ಅವನ್ನು ಬೇರೆ ಡಿಸ್ಕಿಗೆ ನಕಲಿಸಿಕೊಂಡ ಮೇಲೆಯೇ ತೆಗೆಯಿರಿ. ಪುಣೆಯಲ್ಲಿ ಅಳಿಸಿದ್ದು ಚೆನ್ನೈಯಲ್ಲೂ ಮಾಯವಾಗುತ್ತದೆ. ಉಚಿತ ಖಾತೆಯಲ್ಲಿ 30 ದಿನಗಳೊಳಗೆ ಮರಳಿ ಪಡೆಯಬಹುದು.