ಕೇಳುವುದಾದರೆ ಒಂದೇ ಕೇಳಿ

ಕಳೆದ ಚಳಿಗಾಲದ ಒಂದು ರಾತ್ರಿ ಹತ್ತು ಗಂಟೆಗೆ ಅಪ್ಪನ ಫೋನ್ ಬಂತು. ನಾನು ವಿಜಯಪುರದ ಹಾಸ್ಟೆಲ್‌ನಲ್ಲಿದ್ದೆ. ಅಪ್ಪ ಮುದ್ದೇಬಿಹಾಳ ಸಮೀಪದ ನಮ್ಮ ಹೊಲದಲ್ಲಿ, ಬೋರಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಟಾರ್ಚ್ ಹಿಡಿದು ನಿಂತಿದ್ದರು. 'ತಮ್ಮಾ, ತ್ರೀಫೇಸ್ ಕೊಟ್ಟಾರ, ಬಟನ್ ಒತ್ತೀನಿ, ನೀರು ಬರವಲ್ದು' ಎಂದರು. ಉಳ್ಳಾಗಡ್ಡಿಗೆ ಅವತ್ತೇ ನೀರು ಹಾಯಿಸಬೇಕಿತ್ತು.

ಮಗ ಎಲೆಕ್ಟ್ರಿಕಲ್ ಓದುತ್ತಿದ್ದಾನೆ, ಹೇಳುತ್ತಾನೆ ಎಂಬ ನಂಬಿಕೆ ಅವರದು. ನಾನು ಒಂದೇ ಉಸಿರಿಗೆ ಕೇಳಿದೆ: 'ಅಪ್ಪಾ, ಕರೆಂಟ್ ಐತೇನು? ಫ್ಯೂಸ್ ಹೋಗೇತೇನು? ಮೋಟರ್ ಸುಟ್ಟೈತೇನು? ಹೋದ ಸಲ ರಿವೈಂಡಿಂಗ್ ಯಾವಾಗ ಮಾಡಿಸಿದ್ವಿ? ಬೋರಿನ್ಯಾಗ ನೀರು ಐತೇನು?'

ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಹೇಳಿದ್ದು ಇಷ್ಟೇ: 'ಹ್ಞೂಂ, ಐತಿ.'

ಏನು ಐತಿ? ಕರೆಂಟೋ, ನೀರೋ? ಐದು ಪ್ರಶ್ನೆಗೆ ಒಂದು 'ಹೌದು' ಬಂದಿತ್ತು, ಅದು ಯಾವ ಪ್ರಶ್ನೆಯದೆಂದು ಗೊತ್ತಾಗಲಿಲ್ಲ. ಮತ್ತೆ ಮತ್ತೆ ಕೇಳಿ ಹತ್ತು ನಿಮಿಷ ಕಳೆಯಿತು, ಅಪ್ಪನಿಗೆ ಸಿಟ್ಟೂ ಬಂತು.

ತಪ್ಪು ಅಪ್ಪನದಲ್ಲ. ಮನುಷ್ಯ ಒಂದು ಹೊತ್ತಿಗೆ ತಲೆಯಲ್ಲಿ ಇಟ್ಟುಕೊಳ್ಳಬಹುದಾದ ಸಂಗತಿಗಳಿಗೆ ಮಿತಿಯಿದೆ. 1956ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದು ಏಳರ ಆಸುಪಾಸು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಕತ್ತಲಲ್ಲಿ, ಬೆಳೆಯ ಚಿಂತೆಯಲ್ಲಿ ನಿಂತವರಿಗೆ ಅಷ್ಟೂ ಉಳಿಯುವುದಿಲ್ಲ. ಐದು ಪ್ರಶ್ನೆ ಬಿದ್ದರೆ ಅವರು ಮೊದಲು ಐದನ್ನೂ ನೆನಪಿಟ್ಟುಕೊಳ್ಳಬೇಕು, ಆಮೇಲೆ ಯಾವುದಕ್ಕೆ ಮೊದಲು ಉತ್ತರಿಸಬೇಕೆಂದು ಯೋಚಿಸಬೇಕು. ಕೊನೆಗೆ ಸುಲಭವಾದದ್ದಕ್ಕೋ, ಕೊನೆಯಲ್ಲಿ ಕೇಳಿಸಿದ್ದಕ್ಕೋ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಯಾವ ಪ್ರಶ್ನೆ ಮುಖ್ಯ ಎಂದು ಆರಿಸುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಅಪ್ಪನ ತಲೆಗೆ ಹಾಕಿದ್ದೆ.

ಫೋನ್ ಇಟ್ಟು, ಎರಡು ನಿಮಿಷ ಹಾಳೆಯ ಮೇಲೆ ಬರೆದು ನೋಡಿದೆ. ನೀರು ಬರದಿರಲು ಕಾರಣಗಳನ್ನು ಎರಡು ಗುಂಪು ಮಾಡಬಹುದಿತ್ತು. ಒಂದು, ಸ್ಟಾರ್ಟರ್‌ಗೇ ಕರೆಂಟ್ ಸರಿಯಾಗಿ ಬಂದಿಲ್ಲ, ಇಲ್ಲವೇ ಅದರ ಫ್ಯೂಸ್, ಕಾಯಿಲ್, ರಿಲೇ ಕೆಟ್ಟಿದೆ. ಎರಡು, ಸ್ಟಾರ್ಟರ್ ತನ್ನ ಕೆಲಸ ಮಾಡುತ್ತಿದೆ, ತೊಂದರೆ ಅದರಾಚೆ ಕೇಬಲ್‌ನಲ್ಲೋ, ಮೋಟರ್‌ನಲ್ಲೋ, ನೀರಿನ ಮಟ್ಟದಲ್ಲೋ ಇದೆ.

ಈಗ ನನ್ನ ಐದು ಪ್ರಶ್ನೆಗಳನ್ನು ಇದರ ಎದುರು ಇಟ್ಟು ನೋಡಿದೆ. 'ಕರೆಂಟ್ ಐತೇನು?' ಎಂದರೆ ಅಪ್ಪ ಶೆಡ್ಡಿನ ಬಲ್ಬ್ ನೋಡಿ 'ಐತಿ' ಅನ್ನುತ್ತಾರೆ. ಬಲ್ಬಿಗೆ ಒಂದು ಫೇಸ್ ಸಾಕು, ಮೋಟರ್‌ಗೆ ಮೂರು ಬೇಕು. ಆ ಉತ್ತರದಿಂದ ಯಾವ ಕಾರಣವೂ ಪಟ್ಟಿಯಿಂದ ಹೊರಬೀಳುವುದಿಲ್ಲ. ಫ್ಯೂಸ್ ನೋಡಬೇಕಾದರೆ ರಾತ್ರಿ ಪೆಟ್ಟಿಗೆ ಬಿಚ್ಚಬೇಕು, ಅದು ಅಪಾಯ. 'ಮೋಟರ್ ಸುಟ್ಟೈತೇನು?' ಎಂಬುದಕ್ಕೆ ನೂರಾರು ಅಡಿ ಆಳದಲ್ಲಿರುವ ಮೋಟರ್ ಬಗ್ಗೆ ಅಪ್ಪ ಏನು ಹೇಳಿಯಾರು? ನಾನು ಕಂಡುಹಿಡಿಯಬೇಕಾದದ್ದನ್ನು ಅವರನ್ನೇ ಕೇಳಿದಂತಾಯಿತು. ನೀರಿನ ಮಟ್ಟವೂ ಹಾಗೆಯೇ, ಕಣ್ಣಿಗೆ ಕಾಣುವುದಲ್ಲ. ಇನ್ನು ರಿವೈಂಡಿಂಗ್ ಹೋದ ವರ್ಷ ಆಗಿರಲಿ, ಮೂರು ವರ್ಷದ ಹಿಂದೆ ಆಗಿರಲಿ, ಆ ರಾತ್ರಿ ನಾನು ಮಾಡುವ ಕೆಲಸ ಬದಲಾಗುತ್ತಿರಲಿಲ್ಲ.

ಐದೂ ಬಿಟ್ಟು ಅಪ್ಪನಿಗೆ ಫೋನ್ ಮಾಡಿ ಒಂದೇ ಕೇಳಿದೆ: 'ಅಪ್ಪಾ, ಹಸಿರು ಬಟನ್ ಒತ್ತಿದಾಗ ಪೆಟ್ಟಿಗಿ ಒಳಗ ಟಕ್ ಅಂತ ಸಪ್ಪಳ ಆಗತೈತೇನು?'

ಆ ಸಪ್ಪಳ ಸ್ಟಾರ್ಟರ್‌ನ ಕಾಯಿಲ್ ಕಬ್ಬಿಣದ ಪಟ್ಟಿಯನ್ನು ಎಳೆದುಕೊಳ್ಳುವ ಸದ್ದು. ಅದು ಕೇಳದಿದ್ದರೆ ತೊಂದರೆ ಮೊದಲ ಗುಂಪಿನಲ್ಲಿದೆ. ಕೇಳಿದರೆ ಹೆಚ್ಚುಕಡಿಮೆ ಎರಡನೆಯದರಲ್ಲಿ. ಅಪ್ಪ ಒತ್ತಿ ನೋಡಿ, 'ಟಕ್ ಅಂತೈತಿ, ಹಿಡಕೊಂಡs ನಿಂತೈತಿ' ಎಂದರು. ಒಂದು ಉತ್ತರಕ್ಕೆ ಅರ್ಧ ಪಟ್ಟಿ ಅಳಿಸಿತು.

ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ. ಕಾಯಿಲ್ ಸಾಮಾನ್ಯವಾಗಿ ಎರಡು ಫೇಸ್‌ಗಳ ನಡುವೆ ಇರುವುದರಿಂದ ಮೂರನೆಯ ಫೇಸ್ ಇಲ್ಲದಿದ್ದರೂ ಟಕ್ ಎನ್ನಬಹುದು. ಆದರೆ ಆಗ ಉಳಿದ ಫೇಸ್‌ಗಳಲ್ಲಿ ಹೆಚ್ಚು ಕರೆಂಟ್ ಹರಿದು ಸ್ವಲ್ಪ ಹೊತ್ತಿಗೆ ರಿಲೇ ಬೀಳಬೇಕು. ಇಲ್ಲಿ ಬಿದ್ದಿರಲಿಲ್ಲ. ಹಾಗಾಗಿ ಎರಡನೇ ಪ್ರಶ್ನೆ: 'ಅಂಪ್ಸ್ ಮೀಟರಿನ ಮುಳ್ಳು ಎಲ್ಲಿ ನಿಂತೈತಿ?' ಮುಳ್ಳು ದಿನಕ್ಕಿಂತ ಮೇಲಿದ್ದರೆ ಮೋಟರ್ ಬಿಗಿದಿದೆ ಅಥವಾ ಫೇಸ್ ಕೊರತೆಯಿದೆ. ದಿನಕ್ಕಿಂತ ಕೆಳಗಿದ್ದರೆ ಪಂಪಿಗೆ ನೀರು ಸಿಗುತ್ತಿಲ್ಲ. ಸೊನ್ನೆಯಲ್ಲಿದ್ದು ರಿಲೇಯೂ ಬೀಳದಿದ್ದರೆ ಮೋಟರ್‌ಗೆ ಕರೆಂಟೇ ಮುಟ್ಟುತ್ತಿಲ್ಲ. ಮುಳ್ಳು ಸೊನ್ನೆಯಲ್ಲಿತ್ತು. ಕೂಡಲೇ ಮೇನ್ ಇಳಿಸಲು ಹೇಳಿದೆ. ಬೆಳಿಗ್ಗೆ ನೋಡಿದರೆ ಶೆಡ್ಡಿನಿಂದ ಬೋರಿಗೆ ಹೋಗುವ ಕೇಬಲ್‌ನ ಜಾಯಿಂಟ್ ಟ್ರ್ಯಾಕ್ಟರ್‌ಗೆ ಸಿಕ್ಕಿ ಕಿತ್ತು ಬಂದಿತ್ತು.

ಗಮನಿಸಿ, ಎರಡನೇ ಪ್ರಶ್ನೆ ಹುಟ್ಟಿದ್ದು ಮೊದಲನೆಯದರ ಉತ್ತರದಿಂದ. ಟಕ್ ಎನ್ನದಿದ್ದರೆ ಮೀಟರ್ ಬಗ್ಗೆ ಕೇಳುವುದೇ ವ್ಯರ್ಥವಾಗುತ್ತಿತ್ತು. ಹೌದು-ಇಲ್ಲ ಎಂಬ ಒಂದು ಒಳ್ಳೆಯ ಪ್ರಶ್ನೆ ಪ್ರತಿ ಸಲ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದರೆ, ಒಂದಾದ ಮೇಲೊಂದರಂತೆ ಐದು ಪ್ರಶ್ನೆಗಳು 32 ಕಾರಣಗಳಲ್ಲಿ ಒಂದನ್ನು ಹಿಡಿದುಕೊಡುತ್ತವೆ. ಅದೇ ಐದನ್ನು ಒಟ್ಟಿಗೆ ಸುರಿದರೆ ನನಗೆ ಸಿಕ್ಕಿದ್ದು ಒಂದು 'ಹ್ಞೂಂ' ಮಾತ್ರ.

ಹಾಗಾಗಿ ಈಗ ಕೇಳುವ ಮೊದಲು ಪ್ರತಿ ಪ್ರಶ್ನೆಯನ್ನೂ ಎರಡು ರೀತಿ ಪರೀಕ್ಷಿಸುತ್ತೇನೆ. ಬೇರೆ ಬೇರೆ ಉತ್ತರ ಬಂದರೆ ನನ್ನ ಮುಂದಿನ ಹೆಜ್ಜೆ ಬೇರೆಯಾಗುತ್ತದೆಯೇ? ಎದುರಿನವರು ನಿಂತಲ್ಲೇ, ತಾವು ಕಂಡದ್ದನ್ನು ಅಥವಾ ಕೇಳಿದ್ದನ್ನು ಹೇಳಿ ಉತ್ತರಿಸಬಹುದೇ? ಎರಡಕ್ಕೂ 'ಹೌದು' ಎನ್ನಿಸಿದವುಗಳಲ್ಲಿ ಪಟ್ಟಿಯನ್ನು ಹೆಚ್ಚು ಸಮನಾಗಿ ಎರಡು ಮಾಡುವ ಪ್ರಶ್ನೆಯೇ ಮೊದಲನೆಯದು.

ಕೆಲಸ ಹುಡುಕುವ ನಮ್ಮ ಮೆಸೇಜುಗಳಿಗೂ ಇದು ಸಲ್ಲುತ್ತದೆ. ಬೆಂಗಳೂರಿನಲ್ಲಿರುವ ನಮ್ಮೂರಿನ ಸೀನಿಯರ್ ಒಬ್ಬರಿಗೆ ನಾನು ಒಮ್ಮೆ ಬರೆದಿದ್ದೆ: ಯಾವ ಕೋರ್ಸ್ ಮಾಡಲಿ, ರೆಸ್ಯೂಮೆ ನೋಡುತ್ತೀರಾ, ಗೇಟ್ ಬರೆಯಲೇ, ಸಂಬಳ ಎಷ್ಟು, ಓಪನಿಂಗ್ ಇದೆಯಾ? ಎರಡು ದಿನದ ಮೇಲೆ ಬಂದ ಉತ್ತರ: 'ಸಂಬಳ ಪರವಾಗಿಲ್ಲ, ಚೆನ್ನಾಗಿ ಓದು.' ಸುಲಭವಾದ ಒಂದಕ್ಕೆ ಉತ್ತರ, ಉಳಿದದ್ದಕ್ಕೆ ಆಶೀರ್ವಾದ. ಇಂಥ ಉತ್ತರ ಬಂದರೆ ನಾವು ಹೆಚ್ಚು ಕೇಳಿದ್ದೇವೆಂದೇ ಅರ್ಥ. ನಿಜವಾಗಿ ನಾನು ತೀರ್ಮಾನಿಸಬೇಕಿದ್ದದ್ದು ಮುಂದಿನ ಎರಡು ತಿಂಗಳು ಆಪ್ಟಿಟ್ಯೂಡ್‌ಗೆ ಕೊಡಲೋ, ನನ್ನ ವಿಷಯಕ್ಕೆ ಕೊಡಲೋ ಎಂಬುದನ್ನು. ಹಾಗಾಗಿ ಮತ್ತೆ ಒಂದೇ ಸಾಲು ಬರೆದೆ: 'ಅಣ್ಣಾ, ಮೊದಲ ಸುತ್ತಿನ ಪರೀಕ್ಷೆಯಲ್ಲಿ ನಿಮಗೆ ಸಮಯ ಸಾಲದೆ ಹೋದದ್ದು ಯಾವ ಭಾಗದಲ್ಲಿ?' ಅರ್ಧ ಗಂಟೆಯಲ್ಲಿ ಉತ್ತರ ಬಂತು, ಆಪ್ಟಿಟ್ಯೂಡ್ ಎಂದು. ಅದರ ಹಿಂದೆಯೇ, ಕೇಳದಿದ್ದರೂ ಹೇಗೆ ತಯಾರಾದರೆಂಬ ವಿವರವೂ ಬಂತು.

ಎಲ್ಲ ಕಡೆ ಒಂದೇ ಪ್ರಶ್ನೆ ಎಂದು ನಾನು ಹಟ ಹಿಡಿಯುವುದಿಲ್ಲ. ಅರ್ಜಿ ನಮೂನೆಯಂತೆ ನಿಧಾನವಾಗಿ ಕೂತು ತುಂಬುವಂಥದ್ದಾದರೆ, ಒಂದರ ಉತ್ತರ ಇನ್ನೊಂದನ್ನು ಅವಲಂಬಿಸದಿದ್ದರೆ, ಹತ್ತಾದರೂ ಕೇಳಬಹುದು. ಪೆಟ್ಟಿಗೆಯಿಂದ ಹೊಗೆ ಬರುತ್ತಿದೆ ಎಂದಾಗ ಒಂದೂ ಕೇಳಬಾರದು, ಮೊದಲು ಮೇನ್ ಇಳಿಸಿ ಎನ್ನಬೇಕು. ಉಳಿದ ಹೊತ್ತಿನಲ್ಲಿ ಐದನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ. ನಾಲ್ಕನ್ನು ಹೊಡೆದುಹಾಕುವ ಶ್ರಮ ನಿಮ್ಮದಾಗಲಿ, ಎದುರಿನವರದಲ್ಲ.