ನೀಲಿ ಬೆಳಕಿನ ಹೊಸ್ತಿಲು

ಹೋದ ತಿಂಗಳು ಚೆಂಬೂರಿನ ಓದುಗರೊಬ್ಬರು ಫೋನ್ ಮಾಡಿದ್ದರು. ಒಂಬತ್ತನೇ ತರಗತಿಯ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದನಂತೆ. ಆಳವಾದ ನೀರಿನ ಕೊಳ, ತಳದಲ್ಲಿ ಲೋಹದ ಕಡ್ಡಿಗಳ ಕಟ್ಟು, ಅದರ ಸುತ್ತ ತಣ್ಣನೆಯ ನೀಲಿ ಬೆಳಕು. “ಅಜ್ಜ, ಇದು ವಿಕಿರಣದ ಬಣ್ಣವಾ? ಬೆಳಕಿಗಿಂತ ಜೋರಾಗಿ ಯಾವುದೂ ಓಡೋದಿಲ್ಲ ಅಂತ ಟೀಚರ್ ಹೇಳಿದಾರೆ. ಇಲ್ಲಿ ನೋಡಿದ್ರೆ ಎಲೆಕ್ಟ್ರಾನು ಬೆಳಕನ್ನ ಹಿಂದೆ ಹಾಕುತ್ತೆ ಅಂತಿದಾರೆ. ಯಾವುದು ಸರಿ?” ಅಜ್ಜ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. “ನೀವೇ ಒಮ್ಮೆ ಬರೆದುಬಿಡಿ, ನಾನು ಓದಿ ಹೇಳ್ತೀನಿ” ಎಂದರು.

ಆ ಹುಡುಗ ಕೇಳಿದ ಬೆಳಕು ಅವರ ಮನೆಯಿಂದ ಹೆಚ್ಚು ದೂರದಲ್ಲೇನೂ ಇಲ್ಲ. ಟ್ರಾಂಬೆಯ ‘ಅಪ್ಸರಾ’ ರಿಯಾಕ್ಟರು ಕೊಳದಲ್ಲಿ ಮುಳುಗಿದ ರಿಯಾಕ್ಟರು. 1956ರ ಆಗಸ್ಟ್ 4ರಂದು ಅದರಲ್ಲಿ ಮೊದಲ ಬಾರಿಗೆ ಸರಣಿ ಕ್ರಿಯೆ ಶುರುವಾಯಿತು. ಅದನ್ನು ನಡೆಸಲು ದುಡಿದ ಭೌತವಿಜ್ಞಾನಿಗಳಲ್ಲಿ ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣನವರೂ ಒಬ್ಬರು. ನೀರಿನೊಳಗಿನ ಆ ನೀಲಿಯನ್ನು ಕಂಡೇ ನೆಹರೂ ಅಪ್ಸರೆಯ ಹೆಸರಿಟ್ಟರೆಂದು ಹೇಳುತ್ತಾರೆ. ಹಳೆಯ ಅಪ್ಸರಾ 2009ರಲ್ಲಿ ನಿಂತಿತು. 2018ರಿಂದ ಅದೇ ಜಾಗದಲ್ಲಿ ಹೊಸದು ನಡೆಯುತ್ತಿದೆ.

ಮೊದಲು ವೇಗದ ಪ್ರಶ್ನೆ. ಟೀಚರ್ ಹೇಳಿದ್ದು ಸರಿ. ಆದರೆ ಅವರು ಹೇಳಿದ್ದು ಶೂನ್ಯದಲ್ಲಿ ಬೆಳಕಿಗಿರುವ ವೇಗದ ಮಾತು: ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದನ್ನು ಯಾರೂ ಮೀರುವುದಿಲ್ಲ. ನೀರಿಗಿಳಿದ ಬೆಳಕು ಮಾತ್ರ ನಿಧಾನವಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಮೂರು ಲಕ್ಷವನ್ನು ಅದರಿಂದ ಭಾಗಿಸಿದರೆ ಸುಮಾರು ಎರಡೂಕಾಲು ಲಕ್ಷ ಬರುತ್ತದೆ. ನೀರಿನಲ್ಲಿ ಬೆಳಕಿನ ಅಲೆ ಸಾಗುವ ವೇಗ ಅಷ್ಟು. ಈ ಎರಡೂಕಾಲು ಲಕ್ಷಕ್ಕೂ ಮೂರು ಲಕ್ಷಕ್ಕೂ ನಡುವೆ ಒಂದು ತೆರವು ಉಳಿಯಿತಲ್ಲ, ಎಲೆಕ್ಟ್ರಾನು ಓಡುವುದು ಅಲ್ಲಿ. ನೀರಿನೊಳಗಿನ ಬೆಳಕನ್ನು ಅದು ಹಿಂದೆ ಹಾಕುತ್ತದೆ, ಐನ್‌ಸ್ಟೈನ್ ಹಾಕಿದ ಗಡಿಯನ್ನು ದಾಟುವುದಿಲ್ಲ. ಷರತ್ತನ್ನು ಒಂದೇ ಸಾಲಿನಲ್ಲಿ ಬರೆಯಬಹುದು:

v > c/n

ಇಲ್ಲಿ v ಕಣದ ವೇಗ, c ಶೂನ್ಯದಲ್ಲಿ ಬೆಳಕಿನ ವೇಗ, n ವಕ್ರೀಭವನ ಸೂಚ್ಯಂಕ. ಕಣಕ್ಕೆ ವಿದ್ಯುದಾವೇಶವೂ ಇರಬೇಕು.

ಇದನ್ನು ದಾಟಿದರೆ ಬೆಳಕು ಏಕೆ ಹುಟ್ಟಬೇಕು? ಕೆರೆಯ ದಂಡೆಯ ಮೇಲೆ ನಡೆಯುತ್ತ ಹೆಜ್ಜೆಗೊಂದು ಕಲ್ಲನ್ನು ನೀರಿಗೆ ಬಿಡುತ್ತ ಹೋಗಿ. ಪ್ರತಿ ಕಲ್ಲಿನಿಂದ ಒಂದು ಉಂಗುರದ ಅಲೆ ಹರಡುತ್ತದೆ. ನೀವು ಅಲೆಗಿಂತ ನಿಧಾನವಾಗಿ ನಡೆದರೆ ಮೊದಲ ಉಂಗುರದೊಳಗೆ ಎರಡನೆಯದು, ಅದರೊಳಗೆ ಮೂರನೆಯದು. ಒಂದಕ್ಕೊಂದು ಮುಟ್ಟುವುದೇ ಇಲ್ಲ. ಅಲೆಗಿಂತ ಜೋರಾಗಿ ನಡೆದರೆ ಹೊಸ ಉಂಗುರ ಹಳೆಯದರ ಹೊರಗೆ ಹುಟ್ಟುತ್ತದೆ. ಆಗ ಎಲ್ಲ ಉಂಗುರಗಳ ಅಂಚುಗಳೂ ಒಂದು ಓರೆ ಗೆರೆಯ ಮೇಲೆ ಕೂಡಿ ಅಲ್ಲಿ ಅಲೆ ಎತ್ತರವಾಗುತ್ತದೆ.

ಎಲೆಕ್ಟ್ರಾನು ನೀರಿನಲ್ಲಿ ಸಾಗುವಾಗ ದಾರಿಯ ಅಕ್ಕಪಕ್ಕದ ಅಣುಗಳನ್ನು ತನ್ನ ಆವೇಶದಿಂದ ಒಂದು ಕ್ಷಣ ಅಲುಗಿಸುತ್ತದೆ. ಅವು ಮೊದಲಿನ ಸ್ಥಿತಿಗೆ ಬರುವಾಗ ಪುಟ್ಟ ವಿದ್ಯುತ್ಕಾಂತೀಯ ಅಲೆಗಳು ಹೊರಡುತ್ತವೆ. ಎಲೆಕ್ಟ್ರಾನು ನಿಧಾನವಿದ್ದರೆ ಅವು ಒಂದನ್ನೊಂದು ಅಳಿಸಿಕೊಂಡು ದೂರದಲ್ಲಿ ಏನೂ ಕಾಣುವುದಿಲ್ಲ. ಹೊಸ್ತಿಲು ದಾಟಿದರೆ ಅವೆಲ್ಲ ಒಂದು ಕೋನದಲ್ಲಿ ಕೂಡಿಕೊಂಡು, ಎಲೆಕ್ಟ್ರಾನಿನ ದಾರಿಯ ಸುತ್ತ ಶಂಕುವಿನಾಕಾರದಲ್ಲಿ ಬೆಳಕಾಗಿ ಹೊರಬರುತ್ತವೆ. ನೀರಿನಲ್ಲಿ ಆ ಕೋನ ಹೆಚ್ಚೆಂದರೆ 41 ಡಿಗ್ರಿ. ತರಂಗದೂರ ಕಡಿಮೆಯಾದಷ್ಟೂ ಈ ಬೆಳಕು ಹೆಚ್ಚು. ಅದಕ್ಕೇ ಕೆಂಪಿಗಿಂತ ನೀಲಿ ಜಾಸ್ತಿ, ನೀಲಿಗಿಂತ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಇನ್ನೂ ಜಾಸ್ತಿ.

ಇದನ್ನು ಪತ್ತೆ ಮಾಡಿದವರು ರಷ್ಯಾದ ಪಾವೆಲ್ ಚೆರೆಂಕೋವ್. ಯುರೇನಿಯಂ ಲವಣದ ದ್ರಾವಣಕ್ಕೆ ರೇಡಿಯಂನ ಗಾಮಾ ಕಿರಣ ಬಿದ್ದರೆ ಎಷ್ಟು ಮಿನುಗುತ್ತದೆ ಎಂದು ಅಳೆಯುವುದು ಅವರ ಗುರು ವಾವಿಲೋವ್ ಕೊಟ್ಟ ಕೆಲಸ. ಬೆಳಕು ಎಷ್ಟು ಮಂದವಿತ್ತೆಂದರೆ ಕಣ್ಣು ಪಳಗಲೆಂದು ಮೊದಲು ಕತ್ತಲಲ್ಲಿ ಬಹಳ ಹೊತ್ತು ಕೂತಿರಬೇಕಿತ್ತು. ಕೊನೆಗೆ ನೋಡಿದರೆ, ಲವಣವೇ ಇಲ್ಲದ ಶುದ್ಧ ದ್ರವವೂ ಮಿನುಗುತ್ತಿತ್ತು. ಸಾಮಾನ್ಯ ಪ್ರತಿದೀಪ್ತಿಯನ್ನು ಕುಗ್ಗಿಸುವ ಪದಾರ್ಥ ಬೆರೆಸಿದರೂ, ದ್ರವವನ್ನು ಕಾಯಿಸಿದರೂ ಅದು ಕುಗ್ಗಲಿಲ್ಲ. ಅವರು ಇದನ್ನು 1934ರಲ್ಲಿ ಪ್ರಕಟಿಸಿದರು. ಮೇಲೆ ಹೇಳಿದ ವಿವರಣೆಯನ್ನು 1937ರಲ್ಲಿ ಕೊಟ್ಟವರು ಫ್ರಾಂಕ್ ಮತ್ತು ಟಾಮ್. 1958ರಲ್ಲಿ ಮೂವರಿಗೂ ನೊಬೆಲ್ ಬಂತು. ವಾವಿಲೋವ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಇನ್ನು ಆ ಕೊಳದಲ್ಲಿ ಹೊಸ್ತಿಲು ದಾಟುವವರು ಯಾರು ಎಂದು ನೋಡೋಣ. ಎಲೆಕ್ಟ್ರಾನು ಎರಡೂಕಾಲು ಲಕ್ಷ ಕಿಲೋಮೀಟರ್ ವೇಗಕ್ಕೆ ಏರಲು ಅದಕ್ಕೆ ಸುಮಾರು 2.64 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಒಂದು ಲಕ್ಷವಿದ್ದರೆ ವೇಗ 1.64 ಲಕ್ಷ ಕಿಲೋಮೀಟರ್, ಬೆಳಕಿಲ್ಲ. ಐದು ಲಕ್ಷವಿದ್ದರೆ 2.59 ಲಕ್ಷ, ಬೆಳಕುಂಟು. ಪ್ರೋಟಾನು ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ, ಹಾಗಾಗಿ ಅದೇ ವೇಗಕ್ಕೆ ಅದಕ್ಕೆ ಬೇಕಾದ ಶಕ್ತಿಯೂ ಅಷ್ಟೇ ಪಟ್ಟು ಹೆಚ್ಚು. ಯುರೇನಿಯಂ, ಪ್ಲುಟೋನಿಯಂ ಉಗುಳುವ ಆಲ್ಫಾ ಕಣ ಇನ್ನೂ ಭಾರ. ಅದು ಹೊಸ್ತಿಲಿನ ಹತ್ತಿರಕ್ಕೂ ಬರುವುದಿಲ್ಲ. ನ್ಯೂಟ್ರಾನಿಗೆ ಆವೇಶವೇ ಇಲ್ಲ. ಕೊಳವನ್ನು ಬೆಳಗುವುದು ಎಲೆಕ್ಟ್ರಾನ್ ಮಾತ್ರ.

ಈಗ ಒಂದು ಲೆಕ್ಕ. ರಿಯಾಕ್ಟರಿನಿಂದ ತೆಗೆದ ಬಳಸಿದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಡುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಅದರ ಗಾಮಾ ಕಿರಣದ ಬಹುಪಾಲು ಸೀಸಿಯಂ-137ರ ಸರಪಳಿಯದು. ಒಂದೊಂದು ಗಾಮಾದ ಶಕ್ತಿ 6.62 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಗಾಮಾಕ್ಕೆ ಆವೇಶವಿಲ್ಲದ್ದರಿಂದ ಅದು ತಾನಾಗಿ ಈ ಬೆಳಕು ಕೊಡದು. ಅದು ಇಂಧನ ಕಡ್ಡಿಯ ಹೊದಿಕೆಯನ್ನು ತೂರಿ ನೀರಿಗೆ ಬಂದು, ಅಲ್ಲಿಯ ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ತನ್ನ ಶಕ್ತಿಯ ಒಂದು ಪಾಲನ್ನು ಕೊಡುತ್ತದೆ. ನೇರ ಡಿಕ್ಕಿಯಾದರೆ ಆ ಪಾಲು ಹೆಚ್ಚೆಂದರೆ 4.78 ಲಕ್ಷ, ಹೊಸ್ತಿಲಿಗಿಂತ ಸಾಕಷ್ಟು ಮೇಲೆ. ಆದರೆ ನೀರಿನಲ್ಲಿ ಆ ಎಲೆಕ್ಟ್ರಾನಿನ ಓಟ ಎರಡು ಮಿಲಿಮೀಟರಿಗಿಂತ ಕಡಿಮೆ. ದಾರಿಯುದ್ದಕ್ಕೂ ಶಕ್ತಿ ಕಳೆದುಕೊಳ್ಳುತ್ತ, 2.64 ಲಕ್ಷಕ್ಕೆ ಇಳಿದೊಡನೆ ಬೆಳಕು ನಿಲ್ಲುತ್ತದೆ. ಉಳಿದಷ್ಟು ದೂರ ಕತ್ತಲಲ್ಲೇ ಓಡುತ್ತದೆ. ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ, ಗಾಮಾದ ಶಕ್ತಿ ಸುಮಾರು 4.2 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದರ ಡಿಕ್ಕಿಯಿಂದ ನೀರು ಬೆಳಗುವುದಿಲ್ಲ ಎಂದು ಸಿಗುತ್ತದೆ.

ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ನೀಲಿ ಒಮ್ಮೆಲೇ ಆರದಿರುವುದಕ್ಕೂ ಇದೇ ಕಾರಣ. ವಿದಳನ ನಿಂತರೂ ಅದರಿಂದ ಹುಟ್ಟಿದ ಧಾತುಗಳು ಗಾಮಾ ಬಿಡುತ್ತಲೇ ಇರುತ್ತವೆ. ಬೆಳಕು ಮೊದಲು ಬೇಗ ಇಳಿಯುತ್ತದೆ, ಆಮೇಲೆ ವರ್ಷಗಟ್ಟಲೆ ಮೆಲ್ಲಗೆ.

ಈ ಮೆಲ್ಲಗಿನ ಇಳಿಕೆಯೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರ ಕೈಗೆ ಸಿಕ್ಕ ಸಾಧನ. ಬಳಸಿದ ಇಂಧನದಲ್ಲಿ ಪ್ಲುಟೋನಿಯಂ ಇರುತ್ತದೆ. ಕೊಳದಲ್ಲಿ ನೂರಾರು ಕಟ್ಟುಗಳು ಸಾಲಾಗಿ ನಿಂತಿರುವಾಗ ಯಾರಾದರೂ ಒಂದನ್ನು ಸಾಗಿಸಿ ಅಲ್ಲಿ ಉಕ್ಕಿನ ನಕಲಿ ಕಟ್ಟು ಇಟ್ಟರೆ ಮೇಲಿನಿಂದ ಗೊತ್ತಾಗುವುದು ಹೇಗೆ? ತಪಾಸಣೆಗಾರರು ಕೊಳದ ಮೇಲಿನ ಸೇತುವೆಯಲ್ಲಿ ನಿಂತು ಅತಿನೇರಳೆಯನ್ನು ಕಾಣುವ ಕ್ಯಾಮೆರಾವನ್ನು ಕಟ್ಟಿನ ನೆತ್ತಿಗೆ ಸರಿಯಾಗಿ ಹಿಡಿಯುತ್ತಾರೆ. ಕೋಣೆಯ ದೀಪಗಳಲ್ಲಿ ಅತಿನೇರಳೆ ಕಡಿಮೆಯಾದ್ದರಿಂದ ದೀಪ ಆರಿಸಬೇಕಾಗಿಲ್ಲ. ನಿಜವಾದ ಇಂಧನವಾದರೆ ಕಡ್ಡಿಗಳ ನಡುವಿನ ಕಿರಿದಾದ ನೀರಿನ ಸಂದುಗಳು ಪ್ರಖರವಾಗಿ ಹೊಳೆಯುತ್ತವೆ. ಕ್ಯಾಮೆರಾವನ್ನು ತುಸು ಪಕ್ಕಕ್ಕೆ ಸರಿಸಿದರೆ ಹೊಳಪು ಬೇಗನೆ ಇಳಿಯುತ್ತದೆ, ಏಕೆಂದರೆ ಉದ್ದನೆಯ ಸಂದಿನ ಬೆಳಕು ನೇರ ಮೇಲಕ್ಕೆ ಮಾತ್ರ ಚೆನ್ನಾಗಿ ಬರುತ್ತದೆ. ಇಂಧನ ಎಷ್ಟು ಉರಿದಿದೆ, ತೆಗೆದು ಎಷ್ಟು ವರ್ಷವಾಯಿತು ಎಂಬ ದಾಖಲೆಯಿಂದ ಅದು ಎಷ್ಟು ಹೊಳೆಯಬೇಕೆಂದು ಲೆಕ್ಕ ಹಾಕಿ, ಕಂಡದ್ದಕ್ಕೆ ಹೋಲಿಸುತ್ತಾರೆ.

ಇಲ್ಲಿ ಮೋಸ ಹೋಗುವ ಜಾಗಗಳೂ ಇವೆ. ನೀರು ಕದಡಿದ್ದರೆ, ಮೇಲ್ಮೈ ಅಲುಗುತ್ತಿದ್ದರೆ ಚಿತ್ರ ಕೆಡುತ್ತದೆ. ಬಹಳ ಹಳೆಯ, ಕಡಿಮೆ ಉರಿದ ಇಂಧನ ಮಂಕಾಗಿ ಕಾಣುತ್ತದೆ. ಎಲ್ಲಕ್ಕಿಂತ ತೊಡಕಿನದು ನೆರೆಮನೆಯ ದೀಪ. ಅಕ್ಕಪಕ್ಕದ ನಿಜವಾದ ಕಟ್ಟುಗಳ ಗಾಮಾ ನಕಲಿ ಕಟ್ಟಿನ ಸಂದುಗಳಿಗೂ ನುಗ್ಗಿ, ಅಲ್ಲಿಯ ನೀರಿನ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಆಗ ಉಕ್ಕಿನ ಕಟ್ಟೂ ಸ್ವಲ್ಪ ಬೆಳಗುತ್ತದೆ. ‘ಬೆಳಕಿದೆ, ಸರಿಯಾಗಿದೆ’ ಎಂದು ಅಷ್ಟಕ್ಕೇ ಬರೆದುಕೊಂಡರೆ ಕಳ್ಳತನ ಕಣ್ಣೆದುರೇ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಬೆಳಕಿನ ಪ್ರಮಾಣವನ್ನೂ ಕಟ್ಟಿನೊಳಗೆ ಅದು ಹರಡಿರುವ ರೀತಿಯನ್ನೂ ನೋಡಬೇಕು.

ಹುಡುಗನ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ನೀಲಿ ವಿಕಿರಣದ ಬಣ್ಣವಲ್ಲ, ಅಪಾಯದ ಮೀಟರೂ ಅಲ್ಲ. ಟ್ರಿಟಿಯಂ ಬೆರೆತ ನೀರನ್ನೇ ತೆಗೆದುಕೊಳ್ಳಿ. ಅದರ ಎಲೆಕ್ಟ್ರಾನಿಗೆ ಹೆಚ್ಚೆಂದರೆ 18,600 ಎಲೆಕ್ಟ್ರಾನ್ ವೋಲ್ಟ್, ಹೊಸ್ತಿಲಿನ ಹದಿನಾಲ್ಕನೇ ಒಂದು ಪಾಲು. ಎಷ್ಟೇ ಟ್ರಿಟಿಯಂ ಇದ್ದರೂ ಆ ನೀರಿನಲ್ಲಿ ಈ ನೀಲಿ ಕಾಣದು. ಆದರೂ ಅದು ಕುಡಿಯುವ ನೀರಲ್ಲ. ಗಾಳಿಯ ಮಾತೂ ಹಾಗೆಯೇ. ಗಾಳಿಯ ಸೂಚ್ಯಂಕ ಸುಮಾರು 1.0003 ಇರುವುದರಿಂದ ಅಲ್ಲಿ ಹೊಸ್ತಿಲು 2 ಕೋಟಿ ಎಲೆಕ್ಟ್ರಾನ್ ವೋಲ್ಟಿಗೂ ಮೇಲೆ. ಇಂಧನದಿಂದ ಬರುವ ಎಲೆಕ್ಟ್ರಾನುಗಳು ಅದನ್ನು ಮುಟ್ಟುವುದಿಲ್ಲ. ಅದೇ ಕಟ್ಟನ್ನು ನೀರಿನಿಂದ ಮೇಲೆತ್ತಿದರೆ ಈ ಬೆಳಕು ಕಾಣೆಯಾಗುತ್ತದೆ, ಪಕ್ಕದಲ್ಲಿ ನಿಂತವರ ಜೀವಕ್ಕೆ ಮಾತ್ರ ಕುತ್ತು ಬರುತ್ತದೆ. ಕೊಳದ ದಂಡೆಯಲ್ಲಿ ನಿಂತು ಆ ನೀಲಿಯನ್ನು ಸುಮ್ಮನೆ ನೋಡಬಹುದಾದರೆ, ಅದು ನಡುವೆ ಹಲವು ಮೀಟರ್ ನೀರು ಅಡ್ಡವಾಗಿ ನಿಂತು ಗಾಮಾವನ್ನು ತಡೆದಿರುವುದರಿಂದ.

ಅಜ್ಜನಿಗೆ ಮೊಮ್ಮಗನ ಮುಂದೆ ಹೇಳಲು ಇಷ್ಟು ಸಾಕು: ನೀಲಿ ಕಂಡರೆ, ನೀರಿನೊಳಗೆ ಎಲೆಕ್ಟ್ರಾನುಗಳು ಸೆಕೆಂಡಿಗೆ ಎರಡೂಕಾಲು ಲಕ್ಷ ಕಿಲೋಮೀಟರಿನ ಹೊಸ್ತಿಲು ದಾಟಿವೆ ಎಂದರ್ಥ. ಕಾಣದಿದ್ದರೆ, ದಾಟುವಷ್ಟು ಶಕ್ತಿ ಅಲ್ಲಿಯ ಎಲೆಕ್ಟ್ರಾನುಗಳಿಗೆ ಇಲ್ಲ, ಅಥವಾ ನಮ್ಮ ಕಣ್ಣಿಗೆ ಸಾಕಾಗುವಷ್ಟು ಎಲೆಕ್ಟ್ರಾನುಗಳು ದಾಟಿಲ್ಲ ಎಂದಷ್ಟೇ ಅರ್ಥ. ಅಲ್ಲಿ ವಿಕಿರಣ ಇಲ್ಲವೆಂದು ಅದರಿಂದ ಹೇಳಲು ಬರುವುದಿಲ್ಲ.